ಹಾಪ್ ಗಿಡ್ಡ ಮಾಡಿ, ಹಿಮ್ಮಡಿ ಉಳಿಸಿ: ಶಾಲಾ ಮಕ್ಕಳಿಗೆ ಟ್ರಿಪಲ್ ಜಂಪ್ ಕಲಿಸುವ ಕ್ರಮ

ಮುಂಬೈಯಲ್ಲಿ ಮಳೆ ಹಿಂದೆ ಸರಿದು ಮೈದಾನದ ಕೆಸರು ಒಣಗುವ ಹೊತ್ತಿಗೆ ಶಾಲೆಗಳ ಅಥ್ಲೆಟಿಕ್ಸ್ ಶುರುವಾಗುತ್ತದೆ. ಆಗ ನನಗೆ ಪ್ರತಿ ವರ್ಷ ಕೇಳಿಸುವ ಒಂದು ಮಾತಿದೆ: "ಸರ್, ಟಾಚ್ ದುಖ್ತೆ." ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಅಥವಾ ತುಳು ಮಾತಾಡಿದರೂ ನೋವು ಹೇಳುವುದು ಮರಾಠಿಯಲ್ಲೇ. ಟಾಚ್ ಅಂದರೆ ಹಿಮ್ಮಡಿ. ಆ ಮಾತು ಬಂದರೆ ನಾನು ಕಾಲನ್ನು ನೋಡುವ ಮೊದಲು ಹಾಪ್ ನೋಡುತ್ತೇನೆ. ಹೆಚ್ಚಿನ ಸಲ ತಪ್ಪು ಇರುವುದು ಅಲ್ಲೇ.

ಟ್ರಿಪಲ್ ಜಂಪ್‌ನಲ್ಲಿ ಬೋರ್ಡ್ ಒದ್ದು ಹಾರಿದ ಕಾಲಿನಲ್ಲೇ ಇಳಿಯುವುದು ಹಾಪ್. ಅಲ್ಲಿಂದ ಎದ್ದು ಇನ್ನೊಂದು ಕಾಲಿನಲ್ಲಿ ಇಳಿಯುವುದು ಸ್ಟೆಪ್. ಆ ಕಾಲಿನಿಂದ ಎದ್ದು ಮರಳಿಗೆ ಬೀಳುವುದು ಜಂಪ್. ಮಕ್ಕಳಿಗೆ ಮೊದಲು ಸಿಗುವ ಖುಷಿ ಹಾಪ್‌ನದು. ಓಡಿ ಬಂದ ವೇಗವನ್ನೆಲ್ಲ ಅಲ್ಲೇ ಸುರಿದು ಎತ್ತರಕ್ಕೆ ಏಳುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಆದರೆ ಎತ್ತರಕ್ಕೆ ಹೋದವರು ಅಷ್ಟೇ ಜೋರಾಗಿ ಕೆಳಗೆ ಬರಬೇಕು, ಅದೂ ಒಂದೇ ಕಾಲಿನ ಮೇಲೆ. ಕಾಲಿಗೆ ಅಷ್ಟು ಬಲ ಇನ್ನೂ ಬಂದಿರುವುದಿಲ್ಲ. ಮೊಣಕಾಲು ಕುಸಿಯುತ್ತದೆ, ಹಿಮ್ಮಡಿ ನೆಲಕ್ಕೆ ಗುದ್ದುತ್ತದೆ, ಸ್ಟೆಪ್ ಹೆಸರಿಗೊಂದು ಹೆಜ್ಜೆಯಾಗುತ್ತದೆ. ಸುಸ್ತು, ಹಿಮ್ಮಡಿ ನೋವು, ಗಿಡ್ಡ ಸ್ಟೆಪ್, ಈ ಮೂರಕ್ಕೂ ಬೇರು ಒಂದೇ. ಹಾಗಾಗಿ ನಾನು ಸ್ಟೆಪ್ ಕಲಿಸುವುದರಿಂದ ಶುರುಮಾಡುತ್ತೇನೆ. ಹಾಪ್ ಅದಕ್ಕೆ ತಕ್ಕಷ್ಟೇ ಇರಬೇಕು.

ಇದು ಬರೀ ಮಕ್ಕಳ ವಿಷಯವಲ್ಲ. ಜೊನಾಥನ್ ಎಡ್ವರ್ಡ್ಸ್ 1995ರಲ್ಲಿ ಗೋಥೆನ್‌ಬರ್ಗ್‌ನಲ್ಲಿ 18.29 ಮೀಟರ್ ಹಾರಿ ವಿಶ್ವದಾಖಲೆ ಮಾಡಿದಾಗ ಹಾಪ್ 6.05, ಸ್ಟೆಪ್ 5.22, ಜಂಪ್ 7.02 ಮೀಟರ್ ಇತ್ತು. ಹಾಪ್‌ನಲ್ಲಿ ಎಲ್ಲವನ್ನೂ ಖರ್ಚು ಮಾಡಲಿಲ್ಲ. ವೇಗ ಉಳಿಸಿಕೊಂಡು ಕೊನೆಯ ಜಂಪ್‌ನಲ್ಲಿ ಬಳಸಿಕೊಂಡರು.

ನೆಲ ಮತ್ತು ಶೂ

ಇದನ್ನು ಬೇಗ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ನಮ್ಮ ಎಷ್ಟೋ ಶಾಲೆಗಳ ಅಂಗಳದಲ್ಲಿ ಪೇವರ್ ಬ್ಲಾಕ್ ಹಾಸಿರುತ್ತಾರೆ. ಅದರ ಮೇಲೆ ಒಂಟಿ ಕಾಲಿನ ಜಿಗಿತ ಬೇಡ. ಮಳೆಗಾಲದಲ್ಲಿ ಕಾರಿಡಾರಿನ ಟೈಲ್ಸ್ ಮೇಲೂ ಬೇಡ. ಕೆಂಪು ಮಣ್ಣಿನ ಮೈದಾನ ಅಕ್ಟೋಬರ್ ಬಿಸಿಲಿಗೆ ಕಾಂಕ್ರೀಟಿನ ಹಾಗೆ ಗಟ್ಟಿಯಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಸರಿಯಾಗಿದ್ದ ಜಾಗ ತಿಂಗಳು ಕಳೆದ ಮೇಲೆ ಸರಿ ಇರಬೇಕೆಂದಿಲ್ಲ. ಹುಲ್ಲಿರುವ ಮೂಲೆ ಹುಡುಕಿ. ಸಿಂಥೆಟಿಕ್ ಟ್ರ್ಯಾಕ್ ಸಿಗುವುದು ವಾರಕ್ಕೊಮ್ಮೆ ಮಾತ್ರವಾದರೆ ಪೂರ್ತಿ ಟ್ರಿಪಲ್ ಜಂಪನ್ನು ಆ ದಿನಕ್ಕೆ ಇಟ್ಟುಕೊಳ್ಳಿ.

ಪಿ.ಟಿ.ಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂನಲ್ಲಿ ಅಡಿಭಾಗ ತೆಳ್ಳಗೆ, ಹಿಮ್ಮಡಿ ಕೆಳಗೆ ಮೆತ್ತೆ ಇಲ್ಲ. ಹಿಂಭಾಗ ಗಟ್ಟಿಯಾಗಿರುವ, ಹಿಮ್ಮಡಿ ಕೆಳಗೆ ಮೆತ್ತೆ ಇರುವ ಸಾಧಾರಣ ರನ್ನಿಂಗ್ ಶೂ ಸಾಕು. ಸ್ಪೈಕ್ಸ್‌ಗೆ ಅವಸರ ಬೇಡ.

ಮೊದಲ ಹೆಜ್ಜೆ: ಅದೇ, ಇನ್ನೊಂದು, ಎರಡೂ

ಕುಂಟೆಬಿಲ್ಲೆ ಆಡಿದ ಮಕ್ಕಳಿಗೆ ಒಂಟಿ ಕಾಲು ಹೊಸದಲ್ಲ. ಮುಂಬೈ ಮಕ್ಕಳಿಗಂತೂ ಲಂಗಡಿ ಗೊತ್ತಿರುತ್ತದೆ. ಇಲ್ಲಿ ಅದು ಶಾಲೆ ಶಾಲೆಗಳಲ್ಲಿ ಆಡುವ ಆಟ. ಲಂಗಡಿ ಆಡುವವರಿಗೆ ತೂಕ ಹಿಡಿಯಲು ಬರುತ್ತದೆ, ಅದು ಲಾಭ. ಆದರೆ ಎರಡು ಚಾಳಿ ಜೊತೆಗೇ ಬರುತ್ತವೆ. ಒಂದು, ಬೆರಳ ತುದಿಯಲ್ಲೇ ಇಳಿಯುವುದು. ಇನ್ನೊಂದು, ಮಡಚಿದ ಕಾಲನ್ನು ಸುಮ್ನೆ ನೇತುಹಾಕಿಕೊಳ್ಳುವುದು. ಟ್ರಿಪಲ್ ಜಂಪ್‌ನಲ್ಲಿ ಆ ಖಾಲಿ ಕಾಲು ಬೀಸಬೇಕು. ಮೊಣಕಾಲು ಸೊಂಟದ ಮಟ್ಟಕ್ಕೆ ಬರಬೇಕು.

ಹುಲ್ಲಿನ ಮೇಲೆ ನಿಂತಲ್ಲಿಂದಲೇ ಶುರುಮಾಡಿ, ಓಟ ಬೇಡ. ಬಲಗಾಲಿನ ಮೇಲೆ ನಿಂತು, ಬಲಗಾಲಿನಲ್ಲಿ ಇಳಿದು, ಎಡಗಾಲಿನಲ್ಲಿ ಇಳಿದು, ಕೊನೆಗೆ ಎರಡೂ ಕಾಲು. ಬಾಯಲ್ಲಿ ಜೋರಾಗಿ ಹೇಳಿಸಿ: "ಅದೇ, ಇನ್ನೊಂದು, ಎರಡೂ." ಹಾಪ್, ಸ್ಟೆಪ್, ಜಂಪ್ ಎಂದು ಹೇಳಿಕೊಟ್ಟಾಗ ಗೊಂದಲವಾಗುತ್ತಿದ್ದ ಮಕ್ಕಳು ಈ ಮೂರು ಮಾತಿನಲ್ಲಿ ಹತ್ತು ನಿಮಿಷಕ್ಕೆ ಕಲಿತಿದ್ದಾರೆ. ದೂರ ಬೇಡ, ಸದ್ದು ಮುಖ್ಯ. ಮೂರು ಇಳಿತದ ನಡುವಿನ ಸಮಯ ಒಂದೇ ಇರಬೇಕು. ಭಜನೆಗೆ ತಾಳ ಹಾಕುವ ಹಾಗೆ ನೀವು ಚಪ್ಪಾಳೆ ತಟ್ಟಿ, ಅವರು ಅದಕ್ಕೆ ಇಳಿಯಲಿ. "ಟಪ್... ಟಪ್‌ಟಪ್" ಎಂದು ಕೇಳಿದರೆ ಹಾಪ್ ಉದ್ದವಾಗಿದೆ, ಸ್ಟೆಪ್ ಸತ್ತಿದೆ ಎಂದರ್ಥ. ಕಣ್ಣು ಮುಚ್ಚಿಕೊಂಡರೂ ತಿಳಿಯುತ್ತದೆ.

ಇದನ್ನು ಎರಡೂ ಕಾಲಿನಿಂದ ಮಾಡಿಸಿ. ಕೊನೆಗೆ ಹಾಪ್‌ಗೆ ಗಟ್ಟಿ ಕಾಲನ್ನೇ ಆರಿಸುತ್ತೇವೆ, ಏಕೆಂದರೆ ಬೋರ್ಡ್ ಒದೆಯುವುದೂ ಅದೇ, ಹಾಪ್ ಇಳಿತ ಹೊರುವುದೂ ಅದೇ. ಅದಕ್ಕೇ ಕಲಿಯುವಾಗ ಎಲ್ಲ ಭಾರ ಆ ಕಾಲಿಗೇ ಬೀಳದಂತೆ ನೋಡಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಪಾದ ಇಳಿಸುವ ಬಗೆ

ಇಡೀ ಕಲಿಕೆಯಲ್ಲಿ ಜಾಸ್ತಿ ಸಮಯ ಇದಕ್ಕೇ ಕೊಡಿ. ಹಾಪ್ ಮತ್ತು ಸ್ಟೆಪ್ ಇಳಿಯುವಾಗ ಪಾದ ಹೆಚ್ಚುಕಡಿಮೆ ಚಪ್ಪಟೆಯಾಗಿ ನೆಲ ಮುಟ್ಟಬೇಕು. ಬೆರಳ ತುದಿಯಲ್ಲಿ ಇಳಿದರೆ ಮೀನಖಂಡ ಮತ್ತು ಹಿಮ್ಮಡಿ ಹಿಂದಿನ ನರದಂಥ ಪಟ್ಟಿ ಎಳೆಯುತ್ತದೆ. ಹಿಮ್ಮಡಿ ಮೊದಲು ಇಳಿದರೆ ಬ್ರೇಕ್ ಹಾಕಿದಂತೆ: ಪೆಟ್ಟೂ ಬೀಳುತ್ತದೆ, ವೇಗವೂ ಹೋಗುತ್ತದೆ.

ಹಿಮ್ಮಡಿ ಮೊದಲು ಬೀಳಲು ಕಾರಣ ಸಾಮಾನ್ಯವಾಗಿ ಆಸೆ. ಇನ್ನೂ ನಾಲ್ಕು ಇಂಚು ಸಿಗಲಿ ಎಂದು ಮಕ್ಕಳು ಕಾಲನ್ನು ಮುಂದಕ್ಕೆ ಚಾಚಿ ಕಾಯುತ್ತಾರೆ. ಕಾಲು ಚಾಚಬೇಕು ನಿಜ, ಆದರೆ ನೆಲ ಮುಟ್ಟುವ ಮೊದಲೇ ಅದನ್ನು ಹಿಂದಕ್ಕೆ ಎಳೆಯಲು ಶುರುಮಾಡಿರಬೇಕು. ಆಗ ಪಾದ ಹೆಚ್ಚುಕಡಿಮೆ ಸೊಂಟದ ಕೆಳಗೆ, ಸ್ವಲ್ಪವೇ ಮುಂದೆ ಬೀಳುತ್ತದೆ.

ಇಲ್ಲಿನ ಮಕ್ಕಳಿಗೆ ಇದನ್ನು ಹೇಳಲು ನನಗೆ ಸಿಕ್ಕ ಒಳ್ಳೆಯ ಹೋಲಿಕೆ ಲೋಕಲ್ ಟ್ರೈನ್‌ನದು. ನಿಲ್ಲುವ ಮೊದಲೇ ಇಳಿಯುವವರನ್ನು ಎಲ್ಲರೂ ನೋಡಿರುತ್ತಾರೆ. ನೀವು ಯಾವತ್ತೂ ಹಾಗೆ ಇಳಿಯಬೇಡಿ ಎಂದು ಹೇಳಿಯೇ ಮುಂದಿನ ಮಾತು ಹೇಳುತ್ತೇನೆ. ಹಿಮ್ಮಡಿ ಊರಿ ನಿಲ್ಲಲು ಹೋದವರು ಮುಗ್ಗರಿಸುತ್ತಾರೆ. ಓಡುತ್ತಲೇ ಪಾದ ಇಡುವವರು ನಾಲ್ಕು ಹೆಜ್ಜೆ ಹಾಕಿ ನಡೆದುಬಿಡುತ್ತಾರೆ. "ನೆಲ ಹಿಂದಕ್ಕೆ ಹೋಗ್ತಾ ಇದೆ, ನಿನ್ನ ಪಾದವೂ ಅದರ ಜೊತೆ ಹಿಂದಕ್ಕೆ ಹೋಗಲಿ" ಎಂದರೆ ಅವರಿಗೆ ಅರ್ಥವಾಗುತ್ತದೆ.

ಅಭ್ಯಾಸ ಹೀಗೆ. ಒಂದು ಕೈಯಿಂದ ಗೋಡೆ ಅಥವಾ ಕಂಬ ಹಿಡಿದು ಪಕ್ಕಕ್ಕೆ ನಿಲ್ಲಿಸಿ. ಹೊರಗಿನ ಕಾಲನ್ನು ಮೇಲೆತ್ತಿ, ಮುಂದೆ ಚಾಚಿ, ಅಂಗಾಲು ನೆಲವನ್ನು ಸವರಿಕೊಂಡು ಹಿಂದಕ್ಕೆ ಹೋಗುವಂತೆ ಎಳೆಯಲಿ. ಪ್ರತಿ ಕಾಲಿಗೆ 10 ಸಲ. ಇದರಲ್ಲಿ ಪೆಟ್ಟೇ ಇಲ್ಲ, ದಿನಾ ಮಾಡಿಸಬಹುದು. ಆಮೇಲೆ ಅದೇ ಚಲನೆಯನ್ನು ನಡಿಗೆಯಲ್ಲಿ, ನಂತರ ಎರಡು ಹೆಜ್ಜೆ ಓಡಿ ಒಂದು ಹಾಪ್‌ನಲ್ಲಿ ತನ್ನಿ. ಪಕ್ಕದಿಂದ ಮೊಬೈಲಿನಲ್ಲಿ ನಿಧಾನ ಚಲನೆಯ ವಿಡಿಯೊ ತೆಗೆದರೆ ಶೂ ಅಟ್ಟೆ ಮೇಲೆದ್ದು ಹಿಮ್ಮಡಿ ಮೊದಲು ಮುಟ್ಟುತ್ತಿದೆಯಾ ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ.

ಮೂರನೆಯ ಹೆಜ್ಜೆ: ಸುಣ್ಣದ ಗೆರೆ

ಈಗ 5 ಹೆಜ್ಜೆಯ ಸಣ್ಣ ಓಟ ಕೊಡಿ. ನೆಲದ ಮೇಲೆ ಸುಣ್ಣದ ಪುಡಿಯಿಂದ ಮೂರು ಗೆರೆ ಎಳೆಯಿರಿ. ಮೊದಲನೆಯದು ಟೇಕ್-ಆಫ್. ಎರಡನೆಯದು ಅದರಿಂದ 2 ಮೀಟರ್, ಮೂರನೆಯದು ಮತ್ತೆ 2 ಮೀಟರ್. ಅಲ್ಲಿಂದ ಮರಳಿಗೆ. ಹಾಪ್‌ಗೂ ಸ್ಟೆಪ್‌ಗೂ ಒಂದೇ ಅಂತರ. ನಿಮ್ಮ ಗುಂಪಿನ ಚಿಕ್ಕವರಿಗೆ 2 ಮೀಟರ್ ಜಾಸ್ತಿಯಾದರೆ 1.70ಕ್ಕೆ ಇಳಿಸಿ.

ಚುರುಕಾದ ಮಕ್ಕಳು ಗೊಣಗುತ್ತಾರೆ. "ಸರ್, ಇದಕ್ಕಿಂತ ದೂರ ಹಾರ್ತೀನಿ" ಅಂತ. ಹಾರುತ್ತಾರೆ, ಗೊತ್ತು. ಹಾಪ್ ಗೆರೆ ದಾಟಿದರೆ ಆ ಜಿಗಿತ ಲೆಕ್ಕಕ್ಕಿಲ್ಲ ಎಂದು ನಿಯಮ ಮಾಡಿ. ಆಗ ಎತ್ತರಕ್ಕೆ ಏಳುವ ಚಾಳಿ ತಾನೇ ಕಡಿಮೆಯಾಗುತ್ತದೆ, ಮೇಲೆ ಹೋದರೆ ಗೆರೆ ಸಿಗುವುದಿಲ್ಲ. ತಲೆ ಒಂದೇ ಮಟ್ಟದಲ್ಲಿ ಸಾಗುತ್ತಿದೆಯಾ ಎಂದು ಪಕ್ಕದಲ್ಲಿ ನಿಂತು ನೋಡಿ.

ಸ್ಟೆಪ್ ಆರಾಮಾಗಿ ಬರಲು ಶುರುವಾದ ಮೇಲೆ ಮೊದಲು ಸ್ಟೆಪ್ ಗೆರೆಯನ್ನು 10 ಸೆಂಟಿಮೀಟರ್ ದೂರ ಮಾಡಿ. ಹಾಪ್ ಗೆರೆ ಮುಟ್ಟಬೇಡಿ. ಎರಡು ಅಭ್ಯಾಸದ ದಿನ ಅದು ಗಟ್ಟಿಯಾದ ಮೇಲೆ ಹಾಪ್ ಗೆರೆ ಸರಿಸಿ. ಓಟವನ್ನು 5ರಿಂದ 7 ಹೆಜ್ಜೆಗೆ ಏರಿಸುವುದು ಆಮೇಲೆ. ಓಟ ಏರಿಸಿದ ಕೂಡಲೇ ಸ್ಟೆಪ್ ಗಿಡ್ಡವಾದರೆ ಆ ವೇಗಕ್ಕೆ ಕಾಲು ಇನ್ನೂ ತಯಾರಿಲ್ಲ ಎಂದು ತಿಳಿದು 5ಕ್ಕೇ ವಾಪಸ್ ಬನ್ನಿ.

ಒಬ್ಬ ಹುಡುಗನ ಲೆಕ್ಕ

ಹದಿನಾಲ್ಕರ ಒಬ್ಬ ಹುಡುಗ ನಮ್ಮ ಗುಂಪಿಗೆ ಬಂದಿದ್ದ. ಲಂಗಡಿಯಲ್ಲಿ ಶೂರ. 7 ಹೆಜ್ಜೆಯ ಓಟದಿಂದ 9.10 ಮೀಟರ್ ಹಾರುತ್ತಿದ್ದ. ಎರಡನೇ ವಾರಕ್ಕೆ "ಶೂ ಕಚ್ಚುತ್ತೆ" ಅಂದ. ಮಕ್ಕಳು ಹಾಗೆಂದರೆ ಅರ್ಧಕ್ಕರ್ಧ ಸಲ ಅದು ಶೂ ಅಲ್ಲ. ತಂಡದಿಂದ ಬಿಟ್ಟುಬಿಡುತ್ತಾರೆ ಅನ್ನುವ ಭಯ.

ಮಳೆ ಬಿದ್ದು ನೆಲ ಹಸಿಯಾಗಿದ್ದ ದಿನ ಹೆಜ್ಜೆಗುರುತು ಚೆನ್ನಾಗಿ ಮೂಡಿತ್ತು. ಟೇಪ್ ಹಿಡಿದು ಅಳೆದೆವು. ಹಾಪ್ 4.10, ಸ್ಟೆಪ್ 1.70, ಜಂಪ್ 3.30. ಹಾಪ್ ಇಳಿದ ಗುರುತಿನಲ್ಲಿ ಹಿಮ್ಮಡಿಯ ಕುಳಿ ಆಳವಾಗಿತ್ತು, ಬೆರಳ ಗುರುತು ಕಂಡೂ ಕಾಣದ ಹಾಗಿತ್ತು. ಬೇರೆ ಸಾಕ್ಷಿ ಬೇಕಾ?

ಎರಡು ವಾರ ಅವನಿಗೆ ಜಿಗಿತವನ್ನೇ ನಿಲ್ಲಿಸಿದೆವು. ನೋವು ಹೋದ ಮೇಲೆ ಗೋಡೆ ಹಿಡಿದ ಅಭ್ಯಾಸದಿಂದ ಶುರುಮಾಡಿ ಸುಣ್ಣದ ಗೆರೆಗೆ ತಂದೆವು. ಅಲ್ಲಿಂದ ಆರು ವಾರಕ್ಕೆ ಅದೇ 7 ಹೆಜ್ಜೆಯ ಓಟದಿಂದ ಹಾಪ್ 3.60, ಸ್ಟೆಪ್ 2.70, ಜಂಪ್ 3.50 ಬಂತು. ಒಟ್ಟು 9.80. ಹಾಪ್‌ನಲ್ಲಿ ಅರ್ಧ ಮೀಟರ್ ಬಿಟ್ಟುಕೊಟ್ಟ, ಸ್ಟೆಪ್‌ನಲ್ಲಿ ಒಂದು ಮೀಟರ್ ಸಿಕ್ಕಿತು, ವೇಗ ಉಳಿದಿದ್ದರಿಂದ ಜಂಪ್ ಕೂಡ ಸ್ವಲ್ಪ ಬೆಳೆಯಿತು. ಎಲ್ಲ ಮಕ್ಕಳಿಗೂ ಇಷ್ಟು ಚೆನ್ನಾಗಿ ಲೆಕ್ಕ ಕೂಡುವುದಿಲ್ಲ. ಕೆಲವರಿಗೆ ಮೊದಲ ಮೂರು ವಾರ ಒಟ್ಟು ದೂರ ಇಳಿಯುತ್ತದೆ. ಆಗ ತಂದೆ ತಾಯಿಗೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ಸುಸ್ತು: ಪಾದದ ಲೆಕ್ಕ ಇಡಿ

ಅಭ್ಯಾಸವನ್ನು ಗಂಟೆಯಲ್ಲಿ ಅಳೆಯಬೇಡಿ, ಒಂಟಿ ಕಾಲಿನಲ್ಲಿ ನೆಲ ಒದ್ದ ಲೆಕ್ಕದಲ್ಲಿ ಅಳೆಯಿರಿ. ಒಂದು ಟ್ರಿಪಲ್ ಜಂಪ್‌ಗೆ ಮೂರು: ಬೋರ್ಡ್, ಹಾಪ್ ಇಳಿತ, ಸ್ಟೆಪ್ ಇಳಿತ. ಹೊಸಬರಿಗೆ ಒಂದು ದಿನಕ್ಕೆ 45ರ ಆಸುಪಾಸು ಸಾಕು ಎಂಬುದು ನನ್ನ ಲೆಕ್ಕ. ಉದಾಹರಣೆಗೆ ನಿಂತಲ್ಲಿಂದ ತಾಳದ ಜಿಗಿತ 6 ಸಲ, ಅದು 18. ಸುಣ್ಣದ ಗೆರೆಯ ಮೇಲೆ 5 ಸಲ, ಅದು 15. ಎಡ ಬಲ ಕಾಲು ಬದಲಿಸುತ್ತ ಮೆಲ್ಲನೆ ನೆಗೆಯುವುದು 12. ಅಲ್ಲಿಗೆ 45 ಮುಗಿಯಿತು. ಪ್ರತಿ ಸುಣ್ಣದ ಗೆರೆಯ ಜಿಗಿತದ ನಡುವೆ 2 ನಿಮಿಷ ಬಿಡುವು. ಮಕ್ಕಳು ಸಾಲಿನಲ್ಲಿ ನಿಂತು ಸರದಿ ಕಾಯುವಂತೆ ಮಾಡಿದರೆ ಬಿಡುವು ತಾನಾಗಿಯೇ ಸಿಗುತ್ತದೆ.

ವಾರಕ್ಕೆ ಎರಡು ದಿನ ಮಾತ್ರ, ನಡುವೆ ಕನಿಷ್ಠ ಎರಡು ದಿನ ಬಿಟ್ಟು. ಮಂಗಳವಾರ ಮಾಡಿದರೆ ಮುಂದಿನದು ಶುಕ್ರವಾರ. ಆ ಮಗು ಸಂಜೆ ಫುಟ್ಬಾಲ್ ಆಡುತ್ತದಾ, ಖೊಖೊ ತಂಡದಲ್ಲಿ ಇದೆಯಾ ಎಂದು ಕೇಳಿ. ಕಾಲು ಒಂದೇ, ಅದಕ್ಕೆ ನಮ್ಮ ವೇಳಾಪಟ್ಟಿ ಗೊತ್ತಿಲ್ಲ. ಜಿಗಿತವನ್ನು ಯಾವಾಗಲೂ ಬಿಸಿ ಓಟದ ನಂತರ, ಆದರೆ ಸುಸ್ತಾಗುವ ಓಟಕ್ಕಿಂತ ಮೊದಲು ಇಡಿ. 400 ಮೀಟರ್ ಓಡಿಸಿ ಆಮೇಲೆ ಹಾಪ್ ಮಾಡಿಸುವುದು ಹಿಮ್ಮಡಿಗೆ ಮಾಡುವ ಮೋಸ.

ಸುಸ್ತಾಗಿದ್ದನ್ನು ಮಗು ಹೇಳುವ ಮೊದಲು ನೆಲ ಹೇಳುತ್ತದೆ. "ಟಪ್" ಎನ್ನುತ್ತಿದ್ದ ಪಾದ "ಧಪ್" ಎನ್ನಲು ಶುರುಮಾಡುತ್ತದೆ. ಎದೆ ಮುಂದಕ್ಕೆ ಬಾಗುತ್ತದೆ. ಸ್ಟೆಪ್ ಗೆರೆಯಿಂದ ಒಂದು ಅಡಿ ಹಿಂದೆ ಬೀಳುತ್ತದೆ. ಹಾಗೆ ಎರಡು ಸಲ ಸಾಲಾಗಿ ಆದರೆ ಆ ಮಗುವಿಗೆ ಅವತ್ತಿನ ಜಿಗಿತ ಮುಗಿಯಿತು, 45 ಆಗಿರಲಿ, 25 ಆಗಿರಲಿ. "ಇನ್ನೊಂದು ಕೊನೆ ಸಲ, ಸರ್" ಎಂದು ಗೋಗರೆಯುತ್ತಾರೆ. ಕೊಡಬೇಡಿ. ನಾನು ಕೊಟ್ಟು ಪಶ್ಚಾತ್ತಾಪ ಪಟ್ಟಿದ್ದೇನೆ.

ಹಿಮ್ಮಡಿ ನೋವು ಬಂದರೆ

ನೋವು ಎಲ್ಲಿ ಎಂದು ಬೆರಳಿನಲ್ಲಿ ತೋರಿಸಲಿ. ಹಿಮ್ಮಡಿಯ ಅಡಿಯಲ್ಲಿ, ನಡುಮಧ್ಯೆ ನೋವಿದ್ದರೆ ಅದು ಹೆಚ್ಚಾಗಿ ಪೆಟ್ಟಿನಿಂದ ಮೆತ್ತೆ ಜಜ್ಜಿದ್ದು. ಹಿಂಭಾಗದಲ್ಲಿ ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಹಿಮ್ಮಡಿಯ ಎರಡೂ ಬದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೆತ್ತಗೆ ಒತ್ತಿ. ಮಗು ಮುಖ ಕಿವುಚಿದರೆ ಸೀವರ್ಸ್ ಎಂದು ಕರೆಯುವ ತೊಂದರೆ ಇರಬಹುದು. ಬೆಳೆಯುವ ಮಕ್ಕಳ ಹಿಮ್ಮಡಿ ಎಲುಬಿನ ಹಿಂಭಾಗ ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ಮೀನಖಂಡದ ಪಟ್ಟಿ ಅಲ್ಲೇ ಅಂಟಿಕೊಂಡು ಎಳೆಯುತ್ತಿರುತ್ತದೆ. ಇದು ಸಾಮಾನ್ಯವಾಗಿ 8ರಿಂದ 14 ವರ್ಷದ ನಡುವೆ, ಅದರಲ್ಲೂ ಎತ್ತರ ದಿಢೀರನೆ ಬೆಳೆಯುವ ತಿಂಗಳುಗಳಲ್ಲಿ ಕಾಣುತ್ತದೆ. ಕಳೆದ ಸಲ ಹಾಕಿದ ಪ್ಯಾಂಟು ಗಿಡ್ಡವಾಗಿದೆಯಾ ಎಂದು ಅಮ್ಮನನ್ನು ಕೇಳಿದರೆ ಸುಳಿವು ಸಿಗುತ್ತದೆ.

ಎರಡರಲ್ಲೂ ಮೊದಲ ಮದ್ದು ಜಿಗಿತ ನಿಲ್ಲಿಸುವುದು. ಶೂ ಒಳಗೆ ಹಿಮ್ಮಡಿ ಕೆಳಗೆ ಮೆತ್ತನೆಯ ಪ್ಯಾಡ್ ಇಟ್ಟರೆ ಎಳೆತ, ಪೆಟ್ಟು ಎರಡೂ ತಗ್ಗುತ್ತವೆ. ಆ ದಿನಗಳಲ್ಲಿ ಕೈ ಬೀಸುವುದು, ಗೋಡೆ ಹಿಡಿದ ಅಭ್ಯಾಸ, ಈಜು, ಸೈಕಲ್ ಮಾಡಿಸಬಹುದು. ಊತ ಇದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಅಥವಾ ಕುಂಟುವುದು ಕೆಲವು ದಿನ ಕಳೆದರೂ ನಿಲ್ಲದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಎಣ್ಣೆ ಹಚ್ಚಿ ತಿಕ್ಕುತ್ತ ಕೂರಬೇಡಿ.

ವಾಪಸ್ ಬರುವ ಮೊದಲು ಮೂರು ನೋಡಿ. ಒತ್ತಿದರೆ ನೋವಿಲ್ಲ. ಒಂಟಿ ಕಾಲಿನಲ್ಲಿ ನಿಂತು 10 ಸಲ ಹಿಮ್ಮಡಿ ಮೇಲೆತ್ತಿ, ಮೂರು ಎಣಿಸುತ್ತ ನಿಧಾನವಾಗಿ ಇಳಿಸಲು ಬರುತ್ತದೆ. ಹುಲ್ಲಿನ ಮೇಲೆ ಒಂಟಿ ಕಾಲಿನಲ್ಲಿ 10 ಸಲ ಕುಪ್ಪಳಿಸಿದರೂ ಅವತ್ತಾಗಲಿ, ಮರುದಿನ ಬೆಳಿಗ್ಗೆಯಾಗಲಿ ನೋವು ಬರುವುದಿಲ್ಲ. ಆ ಮರುದಿನ ಬೆಳಿಗ್ಗೆ ಮುಖ್ಯ. ಮಂಚದಿಂದ ಇಳಿದು ಬೆರಳ ಮೇಲೆ ನಡೆದರೆ ಇನ್ನೂ ಕಾಯಬೇಕು.

ಕೂಟದ ದಿನ ಮೊದಲು ಅಳೆಯಬೇಕಾದದ್ದು

ದೊಡ್ಡವರ ಸ್ಪರ್ಧೆಯಲ್ಲಿ ಬೋರ್ಡ್‌ನಿಂದ ಮರಳಿಗೆ ಪುರುಷರಿಗೆ 13, ಮಹಿಳೆಯರಿಗೆ 11 ಮೀಟರ್ ಇರುತ್ತದೆ. ಶಾಲಾ ಕೂಟಗಳಲ್ಲಿ 9 ಅಥವಾ 7 ಮೀಟರಿಗೆ ಗೆರೆ ಹಾಕುತ್ತಾರೆ. ಯಾವುದು ಎಂದು ಹೋದ ಕೂಡಲೇ ಕೇಳಿ, ಟೇಪ್ ಹಿಡಿದು ನೀವೇ ಅಳೆಯಿರಿ. ಆ ಹುಡುಗ 9.10 ಹಾರುತ್ತಿದ್ದ ಕಾಲದಲ್ಲಿ ಒಂದು ಕೂಟದಲ್ಲಿ 9 ಮೀಟರ್ ಬೋರ್ಡ್ ಮಾತ್ರ ಇತ್ತು. ಚೆನ್ನಾಗಿ ಹಾರಿದರೂ ಮರಳಿನ ಅಂಚಿನಿಂದ 10 ಸೆಂಟಿಮೀಟರ್ ಒಳಗೆ ಬೀಳುತ್ತಾನೆ. ಸ್ವಲ್ಪ ತಪ್ಪಿದರೆ ಅಂಚಿನ ಮೇಲೆಯೇ ಎರಡೂ ಹಿಮ್ಮಡಿ. ಎರಡನೆಯ ಯತ್ನದಲ್ಲಿ ಆದದ್ದೂ ಅದೇ. ಅವನ ನೋವಿಗೆ ಅದೂ ಒಂದು ಪಾಲು. ಮಗು ಮರಳಿನೊಳಗೆ ಕನಿಷ್ಠ ಒಂದು ಮೀಟರ್ ಬೀಳುತ್ತದೆ ಎಂಬ ಖಾತ್ರಿ ಇಲ್ಲದಿದ್ದರೆ ಹತ್ತಿರದ ಗೆರೆ ಹಾಕಿಕೊಡಿ ಎಂದು ಕೇಳಿ. ಇಲ್ಲ ಅಂದರೆ ಆ ಮಗುವನ್ನು ಲಾಂಗ್ ಜಂಪ್‌ಗೆ ಮಾತ್ರ ಬಿಡಿ.

ಮರಳನ್ನು ಗುದ್ದಲಿಯಿಂದ ಅಗೆಸಿ. ಮೇಲೆ ಸಮತಟ್ಟಾಗಿ ಎಳೆದಿದ್ದರೂ ಕೆಳಗೆ ಗಟ್ಟಿ ಪದರ ಇರುತ್ತದೆ, ಮಳೆ ಬಿದ್ದ ಮೇಲೆ ಇನ್ನೂ ಜಾಸ್ತಿ. ಸ್ಪರ್ಧೆಗೆ ಮೊದಲು ಪೂರ್ತಿ ಟ್ರಿಪಲ್ ಜಂಪ್ ಅಭ್ಯಾಸ ಎರಡಕ್ಕಿಂತ ಜಾಸ್ತಿ ಬೇಡ, ಅದೂ ಸಣ್ಣ ಓಟದಿಂದ. ಫೈನಲ್‌ಗೆ ಹೋದರೆ ಒಟ್ಟು ಆರು ಯತ್ನ ಇರುತ್ತವೆ. ಕಾಲಿನ ಲೆಕ್ಕ ಅಲ್ಲೇ 18 ಆಯಿತು.

ಸರದಿ ಕಾಯುವುದು ಉದ್ದವಾದರೆ ಮಗುವನ್ನು ಕೂರಲು ಬಿಡಬೇಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆನ್ರಿ ರೆಬೆಲ್ಲೊ ಟ್ರಿಪಲ್ ಜಂಪ್ ಫೈನಲ್ ತಲುಪಿ, ಚಳಿಯಲ್ಲಿ ಕಾದು ಕಾದು ಹಾರಲು ಹೋದಾಗ ತೊಡೆಯ ಸ್ನಾಯು ಹರಿದುಕೊಂಡರು. ಮುಂಬೈಯಲ್ಲಿ ಆ ಚಳಿ ಇಲ್ಲ, ಆದರೆ ಅರ್ಧ ಗಂಟೆ ಕೂತರೆ ಮೀನಖಂಡ ಬಿಗಿಯುತ್ತದೆ. ನೆರಳಲ್ಲಿ ಮೆಲ್ಲನೆ ಓಡಾಡಿಸಿ, ನೀರು ಕುಡಿಸಿ. ಹೆಸರು ಕರೆಯಲು ಮೂರು ಜನ ಬಾಕಿ ಇರುವಾಗ ಗೋಡೆ ಹಿಡಿಸಿ ಪಾದ ಎಳೆಯುವುದನ್ನು ಪ್ರತಿ ಕಾಲಿಗೆ ಐದು ಸಲ ಮಾಡಿಸಿ, ಶೂ ಲೇಸ್ ನೋಡಿ ಕಳಿಸಿ.